ಬಾಂಬೆ ಹಲ್ವಾ: ಗಟ್ಟಿಯಾದ ತಕ್ಷಣ ಇಳಿಸಬೇಡಿ

ಹೋದ ತಿಂಗಳು ನನ್ನ ಅಡುಗೆ ತರಗತಿಗೆ ಬರುವ ಒಬ್ಬರು ಡಬ್ಬಿಯಲ್ಲಿ ಕಾರ್ನ್‌ಫ್ಲೋರ್ ಹಲ್ವಾ ತಂದಿದ್ದರು. ಬಣ್ಣ ಚೆನ್ನಾಗಿತ್ತು, ಗೋಡಂಬಿಯೂ ಧಾರಾಳವಾಗಿತ್ತು. ಆದರೆ ಚಾಕು ಹಾಕಿದರೆ ತುಂಡು ಕುಸಿಯುತ್ತಿತ್ತು. ಡಬ್ಬಿಯ ತಳದಲ್ಲಿ ನೀರು ಬಿಟ್ಟುಕೊಂಡಿತ್ತು. "ಎಷ್ಟು ಹೊತ್ತು ಮಗುಚಿದಿರಿ?" ಅಂತ ಕೇಳಿದೆ. "ಹನ್ನೆರಡು ನಿಮಿಷ ಮೇಡಂ. ಅಷ್ಟರಲ್ಲೇ ಗಟ್ಟಿಯಾಗಿಬಿಡ್ತು" ಅಂದರು.

ಹೆಚ್ಚಿನವರು ಎಡವುವುದು ಇಲ್ಲೇ. ಈ ಹಲ್ವಾ ಎರಡು ಸಲ ಗಟ್ಟಿಯಾಗುತ್ತದೆ. ಮೊದಲ ಸಲ ಹಿಟ್ಟು ನೀರು ಕುಡಿದು ಉಬ್ಬಿದ್ದರಿಂದ. ಅದಕ್ಕೆ ಐದಾರು ನಿಮಿಷ ಸಾಕು. ಎರಡನೆಯ ಸಲ ನೀರು ಆವಿಯಾಗಿ ಹೋಗಿ, ಪಾಕ ಹಿಟ್ಟಿನೊಳಗೇ ಬಿಗಿಯಾಗಿದ್ದರಿಂದ. ಅದಕ್ಕೆ ಇನ್ನೂ ಇಪ್ಪತ್ತೈದು ನಿಮಿಷ ಬೇಕು. ಅಗಿಯುವಾಗ ಸಿಗುವ ಆ ಪುಟಿತ ಬರುವುದು ಎರಡನೆಯದರಿಂದಲೇ.

ನನ್ನ ಅಳತೆ ಹೀಗಿದೆ. ಒಂದು ಕಪ್ ಕಾರ್ನ್‌ಫ್ಲೋರ್, ಎರಡೂಕಾಲು ಕಪ್ ಸಕ್ಕರೆ, ಮೂರೂವರೆ ಕಪ್ ನೀರು, ಅರ್ಧ ಕಪ್ ತುಪ್ಪ, ಒಂದು ಚಮಚ ನಿಂಬೆರಸ. ಕಾರ್ನ್‌ಫ್ಲೋರ್ ಅಂದರೆ ನುಣುಪಾದ ಬಿಳಿ ಪುಡಿ. ರೊಟ್ಟಿಗೆ ಬಳಸುವ ಹಳದಿ ಮೆಕ್ಕೆಜೋಳದ ಹಿಟ್ಟಲ್ಲ, ಅದರಿಂದ ಈ ಹಲ್ವಾ ಆಗುವುದೇ ಇಲ್ಲ. ಸಕ್ಕರೆ ಜಾಸ್ತಿ ಆಯ್ತು ಅಂತ ಅನ್ನಿಸಬಹುದು. ಆದರೆ ಇದರ ಜಿಗಿ, ಹೊಳಪು ಎರಡೂ ಸಕ್ಕರೆಯಿಂದಲೇ ಬರುವುದು. ಅರ್ಧಕ್ಕೆ ಇಳಿಸಿದರೆ ಕೈಗೆ ಬರುವುದು ಪುಡ್ಡಿಂಗ್.

ಎರಡು ಕಪ್ ತಣ್ಣೀರಿನಲ್ಲಿ ಹಿಟ್ಟನ್ನು ಗಂಟಿಲ್ಲದಂತೆ ಕಲಸಿಡಿ. ಉಳಿದ ಒಂದೂವರೆ ಕಪ್ ನೀರಿಗೆ ಸಕ್ಕರೆ ಹಾಕಿ ದಪ್ಪ ತಳದ ಬಾಣಲೆಯಲ್ಲಿ ಕುದಿಸಿ. ಎಳೆ ಪಾಕ ಬರುವವರೆಗೆ ಕಾಯಬೇಕಿಲ್ಲ. ಸಕ್ಕರೆ ಕರಗಿ ಎರಡು ನಿಮಿಷ ಕುದಿದರೆ ಆಯ್ತು. ನಿಂಬೆರಸ ಹಾಕುವುದು ಈಗಲೇ. ಅದು ಪಾಕ ಮತ್ತೆ ಹರಳುಗಟ್ಟದಂತೆ ತಡೆಯುತ್ತದೆ. ಹಾಕದಿದ್ದರೆ ಮೂರನೆಯ ದಿನ ತುಂಡಿನ ಮೇಲೆ ಬಿಳಿ ಸಕ್ಕರೆ ಪುಡಿ ಕಾಣಿಸಿಕೊಳ್ಳಬಹುದು. ಹಾಗಂತ ಸುಮ್ನೆ ಜಾಸ್ತಿ ಹಿಂಡಬೇಡಿ. ಹುಳಿ ಹೆಚ್ಚಾದರೆ ಹಿಟ್ಟಿನ ಹಿಡಿತ ಸಡಿಲವಾಗುತ್ತದೆ.

ಇನ್ನು ಕಲಸಿಟ್ಟ ಹಿಟ್ಟನ್ನು ತಳದಿಂದ ಮತ್ತೊಮ್ಮೆ ಕದಡಿ, ಕುದಿಯುವ ಪಾಕಕ್ಕೆ ಸುರಿಯುತ್ತಾ ಮಗುಚಿ. ಉರಿ ಮಧ್ಯಮದಲ್ಲಿರಲಿ. ಸ್ವಲ್ಪ ಹೊತ್ತಿಗೆ ಅಂಟಿನ ಹಾಗೆ ಮುದ್ದೆಯಾಗುತ್ತದೆ. ಇದು ಮೊದಲ ಗಟ್ಟಿ. ಆಗ ಅದನ್ನು ಹತ್ತಿರದಿಂದ ನೋಡಿ. ಮಬ್ಬಾಗಿ, ಗಂಜಿಯ ಬಣ್ಣದಲ್ಲಿರುತ್ತದೆ. ಬಾಯಿಗಿಟ್ಟರೆ ಹಸಿ ಹಿಟ್ಟಿನ ವಾಸನೆ ಬರುತ್ತದೆ. ಬಣ್ಣ ಹಾಕುವುದಿದ್ದರೆ ಚಿಟಿಕೆ ಹಾಕಿ, ಮಗುಚುತ್ತಲೇ ಇರಿ. ಹಾಕಿದ ನೀರಿನಲ್ಲಿ ಮುಕ್ಕಾಲು ಪಾಲು ಆವಿಯಾಗಿ ಹೋಗಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಉರಿ ಜಾಸ್ತಿ ಮಾಡಿದರೆ ತಳ ಹಿಡಿಯುತ್ತದೆ, ನಡುವೆ ಹಸಿಯಾಗಿಯೇ ಉಳಿಯುತ್ತದೆ.

ತುಪ್ಪವನ್ನು ಒಂದೊಂದೇ ದೊಡ್ಡ ಚಮಚ ಹಾಕಿ. ಹಾಕಿದ್ದು ಪೂರ್ತಿ ಒಳಗೆ ಹೋದ ಮೇಲೆ ಮುಂದಿನದು. ಎಲ್ಲವನ್ನೂ ಒಂದೇ ಸಲ ಸುರಿದರೆ ಮುದ್ದೆ ತುಪ್ಪದ ಮೇಲೆ ಜಾರುತ್ತದೆ. ನೋಡುವವರಿಗೆ ತಳ ಬಿಟ್ಟ ಹಾಗೆ ಕಾಣುತ್ತದೆ, ಆದರೆ ಅದು ಬೆಂದ ಲಕ್ಷಣವಲ್ಲ. ನಾಲ್ಕನೇ ಚಮಚದ ಹೊತ್ತಿಗೆ ಮಬ್ಬು ಹೋಗಿ ಅಂಚು ಗಾಜಿನಂತಾಗುತ್ತದೆ. ಕೈ ಭಾರವಾಗುತ್ತದೆ. ಕೊನೆಗೆ ಮುದ್ದೆ ಕುಡಿದ ತುಪ್ಪವನ್ನು ತಾನೇ ಬಿಡತೊಡಗುತ್ತದೆ. ಬದಿಯಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ.

ಆದರೂ ಕಣ್ಣನ್ನೇ ನಂಬಬೇಡಿ. ಕಡಲೆಯಷ್ಟು ತೆಗೆದು ತಣ್ಣೀರಿಗೆ ಹಾಕಿ. ಅರ್ಧ ನಿಮಿಷ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ಒತ್ತಿ. ಬೆರಳಿಗೆ ಅಂಟಿದರೆ ಇನ್ನೂ ಐದು ನಿಮಿಷ ಬೇಕು. ಒತ್ತಿದ್ದು ಮತ್ತೆ ಉಬ್ಬಿ ಬಂದರೆ ಹುರಿದ ಗೋಡಂಬಿ, ಏಲಕ್ಕಿ ಸೇರಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದುಬಿಡಿ. ಅಲ್ಲಿಂದ ಮುಂದೆ ಬಹಳ ಹೊತ್ತು ಕಾಯಿಸಿದರೆ ಹಲ್ಲಿಗೆ ಹಿಡಿಯುವ ಟಾಫಿಯಾಗುತ್ತದೆ.

ಅವರ ಹಲ್ವಾ ಹಾಳಾಗಲಿಲ್ಲ. ಸಣ್ಣ ತುಂಡು ಮಾಡಿ, ಎರಡು ಚಮಚ ಬಿಸಿನೀರು ಹಾಕಿ ಬಾಣಲೆಗೆ ಮತ್ತೆ ಹಾಕಿದೆವು. ಸಣ್ಣ ಉರಿಯಲ್ಲಿ ಗಂಟುಗಳು ನಿಧಾನವಾಗಿ ಕರಗಿದವು. ಇಪ್ಪತ್ತು ನಿಮಿಷ ಸರದಿಯಲ್ಲಿ ಮಗುಚಿದೆವು. ತಟ್ಟೆಗೆ ಸುರಿದು ಎರಡು ಗಂಟೆ ಹೊರಗೇ ಆರಲು ಬಿಟ್ಟೆವು. ಬೇಗ ಆಗಲಿ ಅಂತ ಅವರು ಫ್ರಿಜ್ಜಿಗೆ ಇಡಲು ಹೊರಟಿದ್ದರು, ನಾನೇ ತಡೆದೆ. ತಂಪಿನಲ್ಲಿಟ್ಟರೆ ಈ ಹಿಟ್ಟು ಬಿರುಸಾಗಿ ಮತ್ತೆ ಮಬ್ಬಾಗುತ್ತದೆ. ಸಂಜೆ ತುಂಡು ಕತ್ತರಿಸಿದಾಗ ಚಾಕು ಹೋದ ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ತುಂಡನ್ನು ದೀಪಕ್ಕೆ ಹಿಡಿದರು. ಒಳಗಿನ ಗೋಡಂಬಿ ಕಾಣಿಸಿತು.