ಶುಲ್ಕ ಕಟ್ಟುವವರು ಖರೀದಿದಾರರು, ಹೊರುವವರು ಯಾರು? ಕರಭಾರದ ಹಂಚಿಕೆ ಕುರಿತ ಅಧ್ಯಯನ ಟಿಪ್ಪಣಿ

ಕರ್ನಾಟಕದ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಅಧಿನಿಯಮದ ಪ್ರಕಾರ ಮಾರುಕಟ್ಟೆ ಶುಲ್ಕವನ್ನು ವಸೂಲು ಮಾಡಬೇಕಾದದ್ದು ಖರೀದಿದಾರರಿಂದ. ಇದನ್ನು ಓದಿದ ವಿದ್ಯಾರ್ಥಿ ಸಹಜವಾಗಿಯೇ "ಹಾಗಾದರೆ ಈ ಶುಲ್ಕದ ಹೊರೆ ರೈತನ ಮೇಲೆ ಬೀಳುವುದಿಲ್ಲ" ಎಂದು ಬರೆದುಬಿಡುತ್ತಾನೆ. ಪದವಿಯ ಮೊದಲ ವರ್ಷದಲ್ಲಿ ನಾನೂ ಹಾಗೆಯೇ ಬರೆದು ಅಂಕ ಕಳೆದುಕೊಂಡಿದ್ದೇನೆ. ಸರ್ಕಾರಕ್ಕೆ ಹಣ ಕಟ್ಟುವ ಹೊಣೆ ಯಾರದು ಎಂಬುದು ಕರಾಘಾತದ ಪ್ರಶ್ನೆ. ಕೊನೆಗೆ ಯಾರ ಜೇಬು ಎಷ್ಟು ಹಗುರವಾಯಿತು ಎಂಬುದು ಕರಭಾರದ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಕಾನೂನಿನ ಪುಸ್ತಕದಲ್ಲಿದೆ, ಎರಡನೆಯದಕ್ಕೆ ಬೇಡಿಕೆ ಮತ್ತು ಪೂರೈಕೆಯ ಸ್ಥಿತಿಸ್ಥಾಪಕತ್ವಗಳಲ್ಲಿ, ಅಂದರೆ ಬೆಲೆ ಬದಲಾದಾಗ ಅವು ಎಷ್ಟರಮಟ್ಟಿಗೆ ಬದಲಾಗುತ್ತವೆ ಎಂಬುದರಲ್ಲಿದೆ.

ಕೋಲಾರದಂಥ ಟೊಮೆಟೊ ಮಾರುಕಟ್ಟೆಯ ಒಂದು ಬೆಳಗನ್ನು ಊಹಿಸಿಕೊಳ್ಳೋಣ. ಮುಂದಿನ ಅಂಕಿಗಳೆಲ್ಲ ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಂಡವು, ನಿಜವಾದ ಮಾರುಕಟ್ಟೆ ದರಗಳಲ್ಲ. ನಿಜವಾದ ಶುಲ್ಕ ಬೆಲೆಯ ಮೇಲೆ ಶೇಕಡಾವಾರು ಬೀಳುತ್ತದೆ. ಇಲ್ಲಿ ಬಾಕ್ಸಿಗೆ ಇಷ್ಟು ರೂಪಾಯಿ ಎಂದು ಸರಳಗೊಳಿಸಿಕೊಂಡಿದ್ದೇನೆ. 15 ಕೆ.ಜಿ.ಯ ಬಾಕ್ಸಿನ ಬೆಲೆ P ರೂಪಾಯಿ ಇದ್ದಾಗ ವ್ಯಾಪಾರಿಗಳು ಕೊಳ್ಳಬಯಸುವ ಬಾಕ್ಸುಗಳ ಸಂಖ್ಯೆ ಮತ್ತು ರೈತರು ಮಾರಬಯಸುವ ಬಾಕ್ಸುಗಳ ಸಂಖ್ಯೆ ಹೀಗಿರಲಿ:

```
Qd = 12000 - 20P
Qs = 4500 + 5P
```

ಶುಲ್ಕವಿಲ್ಲದಿದ್ದಾಗ ಎರಡೂ ಸಮವಾಗುವುದು ಬೆಲೆ 300 ರೂಪಾಯಿ ಇರುವಾಗ, ಆಗ 6000 ಬಾಕ್ಸುಗಳು ಮಾರಾಟವಾಗುತ್ತವೆ. ಆ ಬಿಂದುವಿನಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ 20 × 300 / 6000, ಅಂದರೆ 1. ಪೂರೈಕೆಯ ಸ್ಥಿತಿಸ್ಥಾಪಕತ್ವ 5 × 300 / 6000, ಅಂದರೆ 0.25. ಪೂರೈಕೆ ಇಷ್ಟು ಬಿಗಿಯಾಗಿರಲು ಕಾರಣ ಸರಳ. ಹಣ್ಣು ಕಿತ್ತಾಗಿದೆ, ಬಾಕ್ಸಿಗೆ ತುಂಬಿ ಟೆಂಪೊ ಬಾಡಿಗೆ ಕೊಟ್ಟು ಮಂಡಿಯವರೆಗೆ ತಂದಾಗಿದೆ. ದರ ಇಳಿದರೂ ಅದನ್ನು ಮನೆಗೆ ವಾಪಸು ಒಯ್ದು ಮುಂದಿನ ವಾರಕ್ಕೆ ಇಟ್ಟುಕೊಳ್ಳಲು ಆಗುವುದಿಲ್ಲ. ದರ ಕುಸಿದ ದಿನ ಟೊಮೆಟೊವನ್ನು ರಸ್ತೆ ಬದಿಗೆ ಸುರಿದು ಹೋಗುವುದನ್ನು ನಾವು ನೋಡಿದ್ದೇವೆ. ರೈತನಿಗೆ ಅಂದು ಉಳಿದಿರುವ ಇನ್ನೊಂದು ದಾರಿ ಅದೊಂದೇ.

ಈಗ ಖರೀದಿದಾರರ ಮೇಲೆ ಬಾಕ್ಸಿಗೆ 30 ರೂಪಾಯಿ ಶುಲ್ಕ ಬಂತು ಎನ್ನೋಣ. ರೈತನ ಕೈಗೆ ಬರುವ ಬೆಲೆಯನ್ನು Ps ಎಂದರೆ ವ್ಯಾಪಾರಿಗೆ ಬೀಳುವ ಒಟ್ಟು ಬೆಲೆ Pb = Ps + 30. ವ್ಯಾಪಾರಿ ಎಷ್ಟು ಕೊಳ್ಳಬೇಕೆಂದು ತೀರ್ಮಾನಿಸುವುದು ತನಗೆ ಬೀಳುವ ಒಟ್ಟು ಬೆಲೆಯನ್ನು ನೋಡಿ. ರೈತ ತೀರ್ಮಾನಿಸುವುದು ತನ್ನ ಕೈಗೆ ಬರುವ ಬೆಲೆಯನ್ನು ನೋಡಿ. ಹಾಗಾಗಿ ಸಮೀಕರಣ ಹೀಗಾಗುತ್ತದೆ:

```
12000 - 20(Ps + 30) = 4500 + 5Ps
6900 = 25Ps
Ps = 276,  Pb = 306,  Q = 5880
```

ಹಳೆಯ ಬೆಲೆ 300ಕ್ಕೆ ಹೋಲಿಸಿದರೆ ವ್ಯಾಪಾರಿ ಬಾಕ್ಸಿಗೆ 6 ರೂಪಾಯಿ ಹೆಚ್ಚು ಕೊಡುತ್ತಾನೆ, ರೈತ 24 ರೂಪಾಯಿ ಕಡಿಮೆ ಪಡೆಯುತ್ತಾನೆ. ಶುಲ್ಕದ ರಸೀತಿ ವ್ಯಾಪಾರಿಯ ಹೆಸರಿನಲ್ಲಿದೆ, ಆದರೆ ಹೊರೆಯ ಐದರಲ್ಲಿ ನಾಲ್ಕು ಪಾಲು ರೈತನ ಹೆಗಲ ಮೇಲಿದೆ. ಇದು ನಡೆಯುವುದು ಹರಾಜಿನ ಕಟ್ಟೆಯ ಮೇಲೆಯೇ. ಕೊನೆಗೆ 30 ರೂಪಾಯಿ ಸೇರಿಸಿ ಕಟ್ಟಬೇಕೆಂದು ಪ್ರತಿ ವ್ಯಾಪಾರಿಗೂ ಗೊತ್ತಿರುವುದರಿಂದ ಅವರ ಕೂಗು ಮೊದಲಿನಷ್ಟು ಎತ್ತರಕ್ಕೆ ಏರುವುದಿಲ್ಲ, 276ಕ್ಕೆ ನಿಂತುಬಿಡುತ್ತದೆ. ಯಾರೂ ರೈತನ ಬಿಲ್ಲಿನಲ್ಲಿ ಶುಲ್ಕ ಮುರಿದುಕೊಂಡಿಲ್ಲವಾದ್ದರಿಂದ ಬಿಲ್ಲನ್ನು ಎಷ್ಟು ಬಾರಿ ತಿರುವಿ ನೋಡಿದರೂ ಆ 24 ರೂಪಾಯಿ ಕಾಣಿಸದು.

ಅದೇ ಶುಲ್ಕವನ್ನು ರೈತನೇ ಕಟ್ಟಬೇಕೆಂದು ನಾಳೆ ಕಾನೂನು ಬದಲಾದರೆ ಏನಾಗುತ್ತದೆ? ಕೂಗು 306ಕ್ಕೆ ನಿಲ್ಲುತ್ತದೆ, ರೈತ ಅದರಲ್ಲಿ 30 ಕಟ್ಟಿ 276 ಮನೆಗೆ ಒಯ್ಯುತ್ತಾನೆ. ಬದಲಾದದ್ದು ಕಟ್ಟೆಯ ಮೇಲೆ ಕೇಳಿಸುವ ಅಂಕಿ ಮಾತ್ರ. ಪರೀಕ್ಷೆಯಲ್ಲಿ ಇದನ್ನು ಚಿತ್ರದಲ್ಲಿ ತೋರಿಸುವಾಗ ಖರೀದಿದಾರರ ಮೇಲಿನ ತೆರಿಗೆಗೆ ಬೇಡಿಕೆ ರೇಖೆಯನ್ನು 30 ರೂಪಾಯಿಯಷ್ಟು ಕೆಳಗೆ ಎಳೆಯಿರಿ, ಮಾರಾಟಗಾರರ ಮೇಲಿನ ತೆರಿಗೆಗೆ ಪೂರೈಕೆ ರೇಖೆಯನ್ನು ಅಷ್ಟೇ ಮೇಲೆ ಎಳೆಯಿರಿ. ಎರಡನ್ನೂ ಒಟ್ಟಿಗೆ ಸರಿಸಿದರೆ ಒಂದೇ ತೆರಿಗೆಯನ್ನು ಎರಡು ಸಲ ಹಾಕಿದಂತಾಗುತ್ತದೆ. ಎರಡು ಬೆಲೆಗಳ ನಡುವಿನ ಅಂತರ 30 ಬರಬೇಕಾದಲ್ಲಿ 60 ಬಂದರೆ ಈ ತಪ್ಪಾಗಿದೆ ಎಂದು ತಿಳಿಯಿರಿ.

ಇಷ್ಟನ್ನೂ ಒಂದು ಸೂತ್ರದಲ್ಲಿ ಹೇಳಬಹುದು. ಪೂರೈಕೆಯ ಸ್ಥಿತಿಸ್ಥಾಪಕತ್ವ Es, ಬೇಡಿಕೆಯದು Ed ಆದರೆ,

```
ಖರೀದಿದಾರರ ಪಾಲು = Es / (Es + Ed)
ಮಾರಾಟಗಾರರ ಪಾಲು = Ed / (Es + Ed)
```

ನಮ್ಮ ಉದಾಹರಣೆಯಲ್ಲಿ ಖರೀದಿದಾರರ ಪಾಲು 0.25 / 1.25, ಅಂದರೆ ಶೇ 20. 30 ರೂಪಾಯಿಯಲ್ಲಿ 6. ಸಮೀಕರಣ ಕೊಟ್ಟ ಉತ್ತರವೂ ಅದೇ. ಅತಿ ಹೆಚ್ಚು ಮಂದಿ ಎಡವುವುದು ಇಲ್ಲಿಯೇ. ಖರೀದಿದಾರರ ಪಾಲಿನ ಲೆಕ್ಕದಲ್ಲಿ ಮೇಲೆ ಕೂರುವುದು ಪೂರೈಕೆಯ ಅಂಕಿ, ಬೇಡಿಕೆಯದ್ದಲ್ಲ. ಮನಸ್ಸು ಅದನ್ನು ಒಪ್ಪದೆ ತಲೆಕೆಳಗು ಮಾಡಿ ಬರೆದುಬಿಡುತ್ತದೆ. ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ತಪ್ಪಿಸಿಕೊಳ್ಳಲು ಯಾರಿಗೆ ದಾರಿ ಕಡಿಮೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮಾರುವವನಿಗೆ ದಾರಿಗಳು ಹೆಚ್ಚಾದಷ್ಟೂ, ಅಂದರೆ Es ದೊಡ್ಡದಾದಷ್ಟೂ, ಹೊರೆ ಕೊಳ್ಳುವವನ ಕಡೆ ಜಾರುತ್ತದೆ.

ಚಿಹ್ನೆಯ ತಪ್ಪು ಕೂಡ ಸಾಮಾನ್ಯ. ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ಕೆಲವು ಪ್ರಶ್ನೆಪತ್ರಿಕೆಗಳು −1 ಎಂದು ಕೊಡುತ್ತವೆ. ಅದನ್ನು ಹಾಗೆಯೇ ಸೂತ್ರಕ್ಕೆ ಹಾಕಿದರೆ ಖರೀದಿದಾರರ ಪಾಲು 0.25 / (−0.75), ಅಂದರೆ ಸುಮಾರು −0.33 ಬರುತ್ತದೆ. ಈ ಮಾದರಿಯಲ್ಲಿ ಪಾಲು ಸೊನ್ನೆಗಿಂತ ಕಡಿಮೆ ಅಥವಾ ಒಂದಕ್ಕಿಂತ ಹೆಚ್ಚು ಆಗಲು ಸಾಧ್ಯವಿಲ್ಲ. ಹಾಗೆ ಬಂದರೆ ಋಣಚಿಹ್ನೆ ತೆಗೆದು ಮತ್ತೆ ಲೆಕ್ಕ ಮಾಡಿ. ಇನ್ನೂ ಸೂಕ್ಷ್ಮವಾದ ತಪ್ಪು ಎರಡು ಸ್ಥಿತಿಸ್ಥಾಪಕತ್ವಗಳನ್ನು ಬೇರೆ ಬೇರೆ ಬಿಂದುಗಳಲ್ಲಿ ಅಳೆಯುವುದು. ತೆರಿಗೆಯ ನಂತರದ ಬೆಲೆಗಳಾದ 306 ಮತ್ತು 276ರಲ್ಲಿ ಅಳೆದರೆ ಬೇಡಿಕೆಯದು ಸುಮಾರು 1.04, ಪೂರೈಕೆಯದು ಸುಮಾರು 0.235 ಬಂದು, ಖರೀದಿದಾರರ ಪಾಲು ಶೇ 20ರ ಬದಲು ಶೇ 18.4 ಎಂದು ತೋರುತ್ತದೆ. ಸರಳರೇಖೆಗಳಿರುವಾಗ ತೆರಿಗೆಗೆ ಮೊದಲಿನ ಸಮತೋಲನ ಬಿಂದುವೊಂದರಲ್ಲೇ ಎರಡನ್ನೂ ಅಳೆದರೆ ಉತ್ತರ ಕರಾರುವಾಕ್ಕಾಗಿ ಬರುತ್ತದೆ, ಏಕೆಂದರೆ ಆಗ P ಮತ್ತು Q ಎರಡರಲ್ಲೂ ಒಂದೇ ಆಗಿದ್ದು ಹೊಡೆದುಹೋಗಿ 5 ಮತ್ತು 20 ಎಂಬ ಗುಣಾಂಕಗಳಷ್ಟೇ ಉಳಿಯುತ್ತವೆ. ರೇಖೆಗಳು ಬಾಗಿದ್ದರೆ ಈ ಸೂತ್ರ ಸಣ್ಣ ತೆರಿಗೆಗೆ ಮಾತ್ರ ಹತ್ತಿರದ ಅಂದಾಜು.

ಹೊರೆಯನ್ನು ಅಳೆಯುವಾಗ ಯಾವ ಬೆಲೆಯಿಂದ ಎಣಿಸಬೇಕು ಎಂಬುದರಲ್ಲೂ ಗೊಂದಲವಿದೆ. ರೈತನ ಹೊರೆ 306ರಲ್ಲಿ 276 ಕಳೆದು ಬರುವ 30 ಅಲ್ಲ. ಅದು ಪೂರ್ತಿ ತೆರಿಗೆ. ಇಬ್ಬರ ಹೊರೆಯನ್ನೂ ತೆರಿಗೆಗೆ ಮೊದಲಿನ 300ರಿಂದಲೇ ಎಣಿಸಬೇಕು. ಜೊತೆಗೆ, ಸರ್ಕಾರಕ್ಕೆ ಸೇರುವ ಹಣವನ್ನು ಹಳೆಯ 6000 ಬಾಕ್ಸುಗಳಿಂದ ಗುಣಿಸಬಾರದು. 5880ರಿಂದ ಗುಣಿಸಿದರೆ 1,76,400 ರೂಪಾಯಿ. ಮಾರಾಟವಾಗದೆ ಹೋದ 120 ಬಾಕ್ಸುಗಳ ಮೇಲೆ ಇಬ್ಬರಿಗೂ ಆದ ನಷ್ಟ, ಅರ್ಧ × 30 × 120, ಅಂದರೆ 1800 ರೂಪಾಯಿ, ಸರ್ಕಾರದ ಕೈಗೂ ಸೇರುವುದಿಲ್ಲ.

ಇನ್ನೊಂದು ವಾದ ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುತ್ತದೆ: "ತೆರಿಗೆಯಿಂದ ಬೆಲೆ ಏರುತ್ತದೆ, ಬೆಲೆ ಏರಿದ್ದರಿಂದ ಬೇಡಿಕೆ ಕುಗ್ಗುತ್ತದೆ, ಬೇಡಿಕೆ ಕುಗ್ಗಿದ್ದರಿಂದ ಬೆಲೆ ಮತ್ತೆ ಇಳಿಯುತ್ತದೆ, ಆದ್ದರಿಂದ ಹೊರೆ ಮಾರಾಟಗಾರರದು." ಓದಲು ಚೆನ್ನಾಗಿದೆ, ಆದರೆ ಎರಡನೆಯ ಹೆಜ್ಜೆ ಜಾರಿದೆ. ಬೆಲೆ ಏರಿದಾಗ ಕೊಳ್ಳುವ ಪ್ರಮಾಣ ಇಳಿಯುವುದು ಅದೇ ಬೇಡಿಕೆ ರೇಖೆಯ ಮೇಲಿನ ಚಲನೆ. ರೇಖೆಯೇ ಸರಿದಿಲ್ಲವಾದ್ದರಿಂದ ಬೆಲೆ ಮತ್ತೊಮ್ಮೆ ಇಳಿಯಲು ಕಾರಣವಿಲ್ಲ.

ಈಗ ಅವಧಿಯ ಮಾತು. ಇದೇ ಶುಲ್ಕ ಹಲವು ಹಂಗಾಮುಗಳವರೆಗೆ ಉಳಿದರೆ ರೈತ ಟೊಮೆಟೊ ಬಿಟ್ಟು ಬೀನ್ಸ್ ಹಾಕಬಹುದು, ಕ್ಯಾಪ್ಸಿಕಂ ಹಾಕಬಹುದು. ಆಗ ಪೂರೈಕೆ Qs = −6000 + 40P ಆಗಿರಲಿ. ಶುಲ್ಕವಿಲ್ಲದ ಸಮತೋಲನ ಮೊದಲಿನದೇ, 300 ರೂಪಾಯಿ ಮತ್ತು 6000 ಬಾಕ್ಸು; ಪೂರೈಕೆಯ ಸ್ಥಿತಿಸ್ಥಾಪಕತ್ವ ಮಾತ್ರ ಈಗ 2. ಮೊದಲಿನಂತೆಯೇ ಬಿಡಿಸಿದರೆ ರೈತನಿಗೆ 290, ವ್ಯಾಪಾರಿಗೆ 320, ಮಾರಾಟ 5600 ಬಾಕ್ಸು. ಈಗ ರೈತನ ಹೊರೆ 10 ರೂಪಾಯಿ, ವ್ಯಾಪಾರಿಯದು 20. ತೆರಿಗೆ ಅದೇ, ಕಾನೂನು ಅದೇ, ಬೇಡಿಕೆ ಅದೇ. ಬೇರೆ ಬೆಳೆಗೆ ಹೋಗಲು ಸಮಯ ಸಿಕ್ಕಿದ್ದರಿಂದ ಹಂಚಿಕೆ ಬದಲಾಯಿತು. ಹಾಗಾಗಿ ಉತ್ತರದಲ್ಲಿ ಅಲ್ಪಾವಧಿಯೋ ದೀರ್ಘಾವಧಿಯೋ ಎಂದು ಹೇಳದೆ "ಹೊರೆ ರೈತನದು" ಎಂದಷ್ಟೇ ಬರೆದರೆ ಅರ್ಧ ಉತ್ತರವಾಗುತ್ತದೆ.

ಶುಲ್ಕದ ಗಡಿ ಎಲ್ಲಿಯವರೆಗೆ ಎಂಬುದೂ ಮುಖ್ಯ. ಒಂದೇ ಮಾರುಕಟ್ಟೆಯಲ್ಲಿ ಶುಲ್ಕ ಬಂದರೆ ಲಾರಿ ಇರುವ ವ್ಯಾಪಾರಿ ಆಂಧ್ರದ ಮದನಪಲ್ಲಿಯ ಟೊಮೆಟೊ ಮಾರುಕಟ್ಟೆಗೆ ಹೋಗಬಹುದು, ಆದ್ದರಿಂದ ಇಲ್ಲಿನ ಬೇಡಿಕೆಯ ಸ್ಥಿತಿಸ್ಥಾಪಕತ್ವ ತುಂಬಾ ದೊಡ್ಡದಾಗಿ ಹೊರೆ ರೈತನ ಕಡೆ ವಾಲುತ್ತದೆ. ಗಡಿ ಊರಿನ ರೈತನೂ ತನ್ನ ಬಾಕ್ಸುಗಳನ್ನು ಅಲ್ಲಿಗೇ ಸಾಗಿಸಬಲ್ಲನಾದರೆ ಪೂರೈಕೆಯ ಸ್ಥಿತಿಸ್ಥಾಪಕತ್ವವೂ ದೊಡ್ಡದಾಗುತ್ತದೆ. ಜನ ಟೊಮೆಟೊ ತಿನ್ನುವುದನ್ನು ಬಿಡುವುದಿಲ್ಲ, ಆದ್ದರಿಂದ ಬೇಡಿಕೆ ಬಿಗಿ ಎಂದು ಇಲ್ಲಿ ವಾದಿಸುವುದು ತಪ್ಪು; ಬೇಕಾದದ್ದು ಒಟ್ಟಾರೆ ಟೊಮೆಟೊದ ಬೇಡಿಕೆಯಲ್ಲ, ಈ ಒಂದು ಮಾರುಕಟ್ಟೆ ಎದುರಿಸುವ ಬೇಡಿಕೆ.

ಅಮೆರಿಕದ ಒಂದು ನಿದರ್ಶನದಲ್ಲಿ, ಕಟ್ಟುವವರೇ ಹೊರುವವರು ಎಂದುಕೊಳ್ಳುವ ತಪ್ಪು ಶಾಸನದ ಮಟ್ಟದಲ್ಲಿ ನಡೆಯಿತು. 1990ರಲ್ಲಿ ಅಲ್ಲಿನ ಕಾಂಗ್ರೆಸ್ಸು 1 ಲಕ್ಷ ಡಾಲರಿಗೂ ಮೇಲ್ಪಟ್ಟ ವಿಹಾರನೌಕೆಗಳಿಗೆ, ಆ ಮಿತಿ ಮೀರಿದ ಮೊತ್ತದ ಮೇಲೆ, ಶೇ 10ರಷ್ಟು ವಿಲಾಸ ತೆರಿಗೆ ಹಾಕಿತು. ಅದು 1991ರಿಂದ ಜಾರಿಗೆ ಬಂತು. ಹೊರೆ ಶ್ರೀಮಂತರದು ಎಂಬುದು ಲೆಕ್ಕಾಚಾರ. ಶ್ರೀಮಂತರಿಗೆ ಹೊಸ ನೌಕೆ ಬೇಡವೆಂದರೆ ಹಣ ಖರ್ಚು ಮಾಡಲು ನೂರು ದಾರಿ. ನೌಕೆ ಕಟ್ಟುವ ಬಡಗಿಗೆ ಅಷ್ಟು ಬೇಗ ಬೇರೆ ಕಸುಬು ಸಿಗದು. ಮಾರಾಟ ಕುಸಿದು ಕಾರ್ಖಾನೆಗಳಲ್ಲಿ ಕೆಲಸ ಹೋಯಿತು. ಆ ವರ್ಷಗಳ ಆರ್ಥಿಕ ಹಿಂಜರಿತದ ಪಾಲೂ ಅದರಲ್ಲಿತ್ತೆಂಬುದನ್ನು ಮರೆಯಬಾರದು. 1993ರಲ್ಲಿ ನೌಕೆಗಳ ಮೇಲಿನ ತೆರಿಗೆಯನ್ನು ರದ್ದುಪಡಿಸಿದರು.

ಈ ಲೆಕ್ಕವೆಲ್ಲ ನಿಲ್ಲುವುದು ಕೊಳ್ಳುವವರೂ ಮಾರುವವರೂ ಹಲವರಿದ್ದು, ಒಬ್ಬರಿಂದ ಬೆಲೆ ಅಲುಗಾಡದ ಪೈಪೋಟಿಯ ಮಾರುಕಟ್ಟೆಯಲ್ಲಿ. ಹರಾಜಿನ ಕಟ್ಟೆಗೆ ಬರುವವರು ಮೂರೇ ಮಂದಿ ವ್ಯಾಪಾರಿಗಳಾಗಿದ್ದು ಅವರು ಮೊದಲೇ ಮಾತಾಡಿಕೊಂಡು ಕೂಗುತ್ತಿದ್ದರೆ Es / (Es + Ed) ಎಂಬ ಸೂತ್ರವನ್ನು ನೇರವಾಗಿ ಬಳಸುವಂತಿಲ್ಲ. ಪ್ರಶ್ನೆಯಲ್ಲಿ "ಏಕಸ್ವಾಮ್ಯ" ಅಥವಾ "ಒಬ್ಬನೇ ಖರೀದಿದಾರ" ಎಂಬ ಮಾತು ಕಂಡರೆ ಸೀಮಾಂತ ಆದಾಯ ಅಥವಾ ಸೀಮಾಂತ ವೆಚ್ಚದಿಂದ ಲೆಕ್ಕ ಶುರುಮಾಡಿ. ಅಂಥಲ್ಲಿ ಬೆಲೆ ತೆರಿಗೆಗಿಂತಲೂ ಹೆಚ್ಚು ಏರುವ ಸಂದರ್ಭಗಳೂ ಉಂಟು.