ಮಂಜಿನ ಜಿಫ್ ವಿಡಿಯೊ ಆದದ್ದು: ಒಂದು ಹಳೆಯ ಕಡತ ಮಾದರಿಯ ಹಿನ್ನೆಲೆ

ಮೂಡಿಗೆರೆ ಕಡೆಯ ಒಂದು ಹೋಮ್‌ಸ್ಟೇಯ ಜಾಲತಾಣವನ್ನು ಸರಿಪಡಿಸಿಕೊಡುವ ಕೆಲಸ ಕಳೆದ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂದಿತ್ತು. ಮುಖಪುಟ ತೆರೆದೊಡನೆ ಕಾಫಿ ತೋಟದ ಮೇಲಿಂದ ಮಂಜು ನಿಧಾನವಾಗಿ ಸರಿದು ಹೋಗುವ ಆರು ಸೆಕೆಂಡುಗಳ ದೃಶ್ಯವೊಂದು ಮತ್ತೆ ಮತ್ತೆ ಓಡಬೇಕೆಂಬುದು ಮಾಲೀಕರ ಆಸೆ. ಅದನ್ನು ಯಾರೋ ಜಿಫ್ ಕಡತವಾಗಿ ಮಾಡಿಕೊಟ್ಟಿದ್ದರು. ಪಟ್ಟಣದ ವೈಫೈನಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಘಟ್ಟದ ಕಡೆಯ ಮೊಬೈಲ್ ಸಿಗ್ನಲ್‌ನಲ್ಲಿ ಮಾತ್ರ ತಡವರಿಸುತ್ತಿತ್ತು. ‘ಸಾರ್, ಪೇಜು ಓಪನ್ ಆಗೋ ಹೊತ್ತಿಗೆ ತೋಟದಲ್ಲಿರೋ ಮಂಜೇ ಕರಗಿ ಹೋಗಿರುತ್ತೆ’ ಎಂದು ಮಾಲೀಕರು ನಕ್ಕರು. ಕಡತದ ಗಾತ್ರ 5.4 ಎಂಬಿ ಇತ್ತು. ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅದೊಂದೇ ಇಳಿಯಲು ಮುಕ್ಕಾಲು ನಿಮಿಷದಷ್ಟು ಹಿಡಿಯುತ್ತದೆ.

ಇಂತಹ ಚಿತ್ರವನ್ನು ಚಿಕ್ಕ ವಿಡಿಯೊ ಕಡತವಾಗಿ ಬದಲಿಸಿಬಿಡಬಹುದೆಂಬುದು ಈಗ ಬಹುತೇಕ ಜಾಲತಾಣ ಕೆಲಸಗಾರರಿಗೆ ಗೊತ್ತಿರುವ ಸಂಗತಿ. ಆದರೆ ವಿಡಿಯೊ ತಂತ್ರಜ್ಞಾನ ಮುಂದುವರಿದ ಮೇಲೂ ಎಷ್ಟೋ ವರ್ಷಗಳ ಕಾಲ ಜಿಫ್ ಏಕೆ ಉಳಿಯಿತು ಎಂಬ ಪ್ರಶ್ನೆಗೆ ಉತ್ತರ ಕಡತದ ಒಳಗೆ ಸಿಗುವುದಿಲ್ಲ. ಅದನ್ನು ಬ್ರೌಸರ್‌ಗಳ ನಿಯಮಗಳಲ್ಲಿ ಹುಡುಕಬೇಕಾಗುತ್ತದೆ.

ಜಿಫ್ ಹುಟ್ಟಿದ್ದು 1987ರಲ್ಲಿ, ಅಮೆರಿಕದ ಕಂಪ್ಯೂಸರ್ವ್ ಸಂಸ್ಥೆಯಲ್ಲಿ, ಸ್ಟೀವ್ ವಿಲ್ಹೈಟ್ ಅವರ ತಂಡದ ಕೈಯಲ್ಲಿ. (ಕನ್ನಡದಲ್ಲಿ ಕೆಲವರು ‘ಗಿಫ್’ ಎಂದೂ ಬರೆಯುತ್ತಾರೆ, ವಿಲ್ಹೈಟ್ ಅವರೇ ‘ಜಿಫ್’ ಎನ್ನುತ್ತಿದ್ದುದರಿಂದ ನಾನು ಅವರ ಪಕ್ಷ.) ಟೆಲಿಫೋನ್ ತಂತಿಯ ಮೇಲೆ ನಿಧಾನವಾಗಿ ಬರುವ ಬಣ್ಣದ ಚಿತ್ರಗಳನ್ನು ಬೇರೆ ಬೇರೆ ಬಗೆಯ ಕಂಪ್ಯೂಟರ್‌ಗಳು ಒಂದೇ ರೀತಿ ತೋರಿಸಬೇಕೆಂಬುದು ಆಗಿನ ಗುರಿ. ಹಾಗಾಗಿ ಒಂದು ಚಿತ್ರಕ್ಕೆ ಗರಿಷ್ಠ 256 ಬಣ್ಣಗಳ ಪಟ್ಟಿ, ಮತ್ತು ಮತ್ತೆ ಮತ್ತೆ ಮರುಕಳಿಸುವ ಬಣ್ಣಗಳ ಸರಣಿಯನ್ನು ಗುರುತಿಸಿ ಚಿಕ್ಕದಾಗಿಸುವ ಎಲ್‌ಝಡ್‌ಡಬ್ಲ್ಯು ಎಂಬ ವಿಧಾನ ಅದಕ್ಕೆ ಸಾಕಾಯಿತು. 1989ರ ಪರಿಷ್ಕರಣೆಯಲ್ಲಿ ಪ್ರತಿ ಚಿತ್ರದ ನಡುವೆ ಇಷ್ಟು ಹೊತ್ತು ಕಾಯಬೇಕೆಂದು ಬರೆದಿಡುವ ಅವಕಾಶ ಸೇರಿತು. ಕಾಲವನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅಳೆಯಲಾಯಿತು. ಆದರೂ ಚಿತ್ರಗಳು ಒಂದು ಸುತ್ತು ಮುಗಿಸಿ ನಿಲ್ಲುತ್ತಿದ್ದವು. ಕೊನೆಯಿಂದ ಮತ್ತೆ ಮೊದಲಿಗೆ ಹೋಗುವಂತೆ ಮಾಡುವ ಪುಟ್ಟ ಸೇರ್ಪಡೆಯನ್ನು ತಂದದ್ದು ನೆಟ್‌ಸ್ಕೇಪ್ ಬ್ರೌಸರ್‌ನ ಎರಡನೆಯ ಆವೃತ್ತಿ. ಇಂದು ಮಾಡಿದ ಜಿಫ್ ಒಂದನ್ನು ಅಕ್ಷರಗಳಾಗಿ ತೆರೆದು ನೋಡಿದರೂ ಆರಂಭದಲ್ಲೇ `NETSCAPE2.0` ಎಂಬ ಹೆಸರು ಕಾಣುತ್ತದೆ. ಬ್ರೌಸರ್ ಹೋಗಿ ಎಷ್ಟೋ ವರ್ಷಗಳಾದರೂ ಅದರ ಮೊಹರು ಉಳಿದಿದೆ.

ಅಂದರೆ ಚಲನೆ ಎಂಬುದು ಜಿಫ್‌ಗೆ ಆಮೇಲೆ ಅಂಟಿಸಿದ ಗುಣ. ಅದರೊಳಗಿರುವುದು ಒಂದರ ಹಿಂದೊಂದು ಇಟ್ಟ ಚಿತ್ರಗಳ ಕಟ್ಟು. ಮೇಲಿನ ಮಂಜಿನ ದೃಶ್ಯದಲ್ಲಿ ಚಿತ್ರದ ಅಗಲ 481 ಪಿಕ್ಸೆಲ್, ಎತ್ತರ 270, ಫ್ರೇಮುಗಳು 75. ಒಂದೊಂದು ಪಿಕ್ಸೆಲ್‌ಗೆ ಒಂದೊಂದು ಬೈಟ್ ಎಂದು ಗುಣಿಸಿದರೆ ಸುಮಾರು 97 ಲಕ್ಷ ಬೈಟ್‌ಗಳಾಗುತ್ತವೆ. ಎಲ್‌ಝಡ್‌ಡಬ್ಲ್ಯು ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ತಂದಿತ್ತು, ಅಷ್ಟೆ. ಮಂಜು ಈ ವಿಧಾನಕ್ಕೆ ಅತ್ಯಂತ ಕೆಟ್ಟ ಗಿರಾಕಿ. ಬಿಳಿಯಿಂದ ಬೂದಿಗೆ, ಬೂದಿಯಿಂದ ಹಸಿರಿಗೆ ಸಾವಿರ ಛಾಯೆಗಳಲ್ಲಿ ಕರಗುವ ದೃಶ್ಯವನ್ನು 256 ಬಣ್ಣಗಳಲ್ಲಿ ತೋರಿಸಬೇಕಾದಾಗ ಪಟ್ಟೆಗಳು ಏಳುತ್ತವೆ. ಅವನ್ನು ಮರೆಸಲೆಂದು ಜಿಫ್ ಮಾಡುವ ತಂತ್ರಾಂಶಗಳು ಎರಡು ಬಣ್ಣಗಳ ಚುಕ್ಕಿಗಳನ್ನು ಅಕ್ಕಪಕ್ಕ ಎರಚಿ ಮೂರನೆಯ ಬಣ್ಣದ ಭ್ರಮೆ ಹುಟ್ಟಿಸುತ್ತವೆ. ಕಣ್ಣಿಗೆ ಅದು ಸಮಾಧಾನ. ಮರುಕಳಿಸುವ ಸರಣಿಯನ್ನೇ ನಂಬಿಕೊಂಡ ಎಲ್‌ಝಡ್‌ಡಬ್ಲ್ಯುಗೆ ಮಾತ್ರ ಆ ಎರಚಿದ ಚುಕ್ಕಿಗಳಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ.

ವಿಡಿಯೊ ಸಂಕೋಚನೆಯ ಕ್ರಮ ಬೇರೆ. ಕಾಫಿ ತೋಟದ ರೈಟರ್ ದಿನವೂ ಎಲ್ಲ ಆಳುಗಳ ಹೆಸರು, ಊರು, ಲೈನ್ ಮನೆಯ ನಂಬರನ್ನು ಹೊಸದಾಗಿ ಬರೆಯುತ್ತಾ ಕೂತರೆ ಹಾಜರಿ ಪುಸ್ತಕ ತಿಂಗಳಿಗೊಂದು ಬೇಕಾದೀತು. ಹೆಸರು ಒಮ್ಮೆ ಬರೆದು, ಮುಂದೆ ಬಂದವರು ಬಾರದವರ ಗುರುತನ್ನಷ್ಟೇ ಹಾಕಿದರೆ ಒಂದೇ ಪುಟ ಸಾಕು. ಎಚ್.264 ಎಂಬ ವಿಡಿಯೊ ವಿಧಾನವೂ ಮೊದಲ ಫ್ರೇಮನ್ನು ಪೂರ್ತಿ ಬರೆದುಕೊಂಡು, ಮುಂದಿನವುಗಳಲ್ಲಿ ಈ ಚೌಕ ಬಲಕ್ಕೆ ಇಷ್ಟು ಸರಿದಿದೆ, ಆ ಚೌಕ ಇದ್ದಲ್ಲೇ ಇದೆ ಎಂಬ ವ್ಯತ್ಯಾಸವನ್ನು ದಾಖಲಿಸುತ್ತದೆ. ಜಿಫ್ ಕೂಡ ಬದಲಾಗದ ಪಿಕ್ಸೆಲ್‌ಗಳನ್ನು ಬಿಟ್ಟುಬಿಡಬಲ್ಲದು, ಆದರೆ ‘ಸರಿದಿದೆ’ ಎಂದು ಹೇಳುವ ಮಾತು ಅದರ ಭಾಷೆಯಲ್ಲೇ ಇಲ್ಲ. ಮಂಜಿನಲ್ಲಿ ಇರುವುದೆಲ್ಲ ಸರಿಯುವಿಕೆಯೇ.

ಇಷ್ಟು ಅಂತರವಿದ್ದರೂ ಬದಲಾವಣೆ ತಡವಾಯಿತು. 2009ರ ವೇಳೆಗೆ ಬ್ರೌಸರ್‌ಗಳು ಪುಟದೊಳಗೇ ವಿಡಿಯೊ ತೋರಿಸಲು ಕಲಿತಿದ್ದವು. ಆದರೆ ಎಚ್.264 ಪೇಟೆಂಟ್‌ಗಳ ಅಡಿಯಲ್ಲಿದ್ದುದರಿಂದ ಫೈರ್‌ಫಾಕ್ಸ್ ಅದನ್ನು ಬಹುಕಾಲ ಒಪ್ಪಲಿಲ್ಲ. 2010ರಲ್ಲಿ ಗೂಗಲ್ ವೆಬ್‌ಎಂ ಎಂಬ ಮುಕ್ತ ಮಾದರಿಯನ್ನು ತಂದ ಮೇಲೆ ಒಂದೇ ದೃಶ್ಯಕ್ಕೆ ಎರಡು ಕಡತ ಇಡುವ ಪರಿಪಾಠ ಬೆಳೆಯಿತು. ಈ ಜಗಳ ಕ್ರಮೇಣ ತಣಿಯಿತು. ದೊಡ್ಡ ಅಡ್ಡಿ ಫೋನಿನಲ್ಲಿತ್ತು. ಐಫೋನಿನಲ್ಲಿ ವಿಡಿಯೊ ತಾನಾಗಿ ಓಡುತ್ತಿರಲಿಲ್ಲ. ಬೆರಳಿಟ್ಟರೆ ಪುಟವನ್ನೆಲ್ಲ ಮುಚ್ಚಿ ಪೂರ್ಣ ಪರದೆಯಲ್ಲಿ ತೆರೆದುಕೊಳ್ಳುತ್ತಿತ್ತು. ಬಳಕೆದಾರರ ಡೇಟಾ ಉಳಿಸುವುದಕ್ಕೆಂದು ಹಾಕಿದ ಈ ಕಟ್ಟುನಿಟ್ಟು ಜಿಫ್‌ಗೆ ಅನ್ವಯಿಸುತ್ತಿರಲಿಲ್ಲ, ಏಕೆಂದರೆ ಬ್ರೌಸರಿನ ಲೆಕ್ಕದಲ್ಲಿ ಅದು ಬರೀ ಚಿತ್ರ. ಹಗುರವಾದದ್ದನ್ನು ಬಾಗಿಲಲ್ಲಿ ತಡೆದು, ಹತ್ತು ಪಟ್ಟು ಭಾರವಾದದ್ದನ್ನು ಒಳಗೆ ಬಿಟ್ಟಂತಾಗಿತ್ತು. 2014ರಲ್ಲಿ ಟ್ವಿಟರ್ ಮತ್ತು ಚಿತ್ರ ಹಂಚಿಕೊಳ್ಳುವ ತಾಣವಾದ ಇಮ್ಗುರ್, ಜನ ಏರಿಸಿದ ಜಿಫ್‌ಗಳನ್ನು ಒಳಗೊಳಗೇ ವಿಡಿಯೊ ಆಗಿ ಬದಲಿಸತೊಡಗಿದವು. ಸಣ್ಣ ಜಾಲತಾಣಗಳಿಗೆ ಅದರಿಂದ ಲಾಭವಾಗಲಿಲ್ಲ.

2016ರಲ್ಲಿ ಬಾಗಿಲು ತೆರೆಯಿತು. ಐಒಎಸ್ 10ರಲ್ಲಿ, ಧ್ವನಿಯಿಲ್ಲದ ಅಥವಾ ಧ್ವನಿ ಮುಚ್ಚಿದ ವಿಡಿಯೊ ತಾನಾಗಿಯೇ ಪುಟದೊಳಗೆ ಓಡಬಹುದೆಂದು ಆ್ಯಪಲ್ ನಿಯಮ ಬದಲಿಸಿತು. ಎಚ್.264ಗೆ ಹೋಲಿಸಿದರೆ ಜಿಫ್ ಹನ್ನೆರಡು ಪಟ್ಟಿನವರೆಗೆ ಹೆಚ್ಚು ಡೇಟಾವನ್ನೂ ಎರಡು ಪಟ್ಟಿನವರೆಗೆ ಹೆಚ್ಚು ಬ್ಯಾಟರಿಯನ್ನೂ ತಿನ್ನಬಹುದೆಂಬುದು ಅದರ ಎಂಜಿನಿಯರುಗಳು ಕೊಟ್ಟ ಕಾರಣಗಳಲ್ಲೊಂದು. ಅದೇ ವರ್ಷ ಆಂಡ್ರಾಯ್ಡ್‌ನ ಕ್ರೋಮ್ ಕೂಡ ಇದೇ ದಾರಿ ಹಿಡಿಯಿತು. ಮುಖಪುಟದ ಜಿಫ್ ತೆಗೆದುಹಾಕುವುದಕ್ಕೆ ಸಕಾರಣವೊಂದು ಹುಟ್ಟಿದ್ದು ಅಂದಿನಿಂದ.

ಇನ್ನು ನಮ್ಮ ಮಂಜಿಗೆ ಬರೋಣ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶಕ್ಕೆ ಮೊದಲು ನಾನು ಜಿಫ್ ಕಡತವನ್ನು ಕೊಟ್ಟು, ಹೊರಬರುವ ಕಡತದ ಹೆಸರನ್ನಷ್ಟೇ ಬರೆದೆ. ವಿಡಿಯೊ ಸಿದ್ಧವಾಯಿತು, ಕ್ರೋಮ್‌ನಲ್ಲಿ ಓಡಿತು, ಮಾಲೀಕರ ಐಫೋನಿನಲ್ಲಿ ಖಾಲಿ ಚೌಕ ಕಂಡಿತು. ಇದು ಬಹಳ ಜನ ಎಡವುವ ಜಾಗ. ಜಿಫ್‌ನ ಬಣ್ಣಗಳನ್ನು ಆದಷ್ಟು ಉಳಿಸಲೆಂದು ತಂತ್ರಾಂಶ ತಾನಾಗಿ, ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣದ ಮಾಹಿತಿ ಇಡುವ 4:4:4 ಎಂಬ ಕ್ರಮವನ್ನು ಆರಿಸಿಕೊಳ್ಳುತ್ತದೆ. ಫೋನುಗಳಲ್ಲಿ ಎಲ್ಲೆಡೆ ನಡೆಯುವುದು 4:2:0 ಕ್ರಮ. ಕಡತವನ್ನು ಅದೇ ತಂತ್ರಾಂಶದ ಜೊತೆಗೆ ಬರುವ `ffprobe` ಮೂಲಕ ನೋಡಿದಾಗ `yuv444p` ಎಂದು ಕಂಡರೆ ರೋಗ ಇದೇ ಎಂದು ತಿಳಿಯಬೇಕು. ಕ್ರಮವನ್ನು ಬದಲಿಸಿ ಮತ್ತೆ ಓಡಿಸಿದಾಗ ಇನ್ನೊಂದು ತಕರಾರು ಎದುರಾಯಿತು:

```
width not divisible by 2 (481x270)
```

4:2:0ರಲ್ಲಿ ಎರಡು ಅಡ್ಡ, ಎರಡು ಉದ್ದದ ನಾಲ್ಕು ಪಿಕ್ಸೆಲ್‌ಗಳು ಒಂದೇ ಬಣ್ಣದ ಮಾಹಿತಿಯನ್ನು ಹಂಚಿಕೊಳ್ಳುವುದರಿಂದ ಅಗಲವೂ ಎತ್ತರವೂ ಸಮಸಂಖ್ಯೆಯಾಗಿರಲೇಬೇಕು. ಚಿತ್ರವನ್ನು ಕುಗ್ಗಿಸಿದರೆ ಎಲ್ಲ ಪಿಕ್ಸೆಲ್‌ಗಳೂ ಅಷ್ಟಿಷ್ಟು ಮಸುಕಾಗುತ್ತವೆ. ಒಂದು ಅಂಚಿನ ಒಂದು ಸಾಲನ್ನು ಕತ್ತರಿಸಿದರೆ ಯಾರಿಗೂ ತಿಳಿಯುವುದಿಲ್ಲ. ನಾನು ಕತ್ತರಿಸಿದೆ:

```
ffmpeg -i manju.gif -vf "crop=480:270" -c:v libx264 \
  -pix_fmt yuv420p -crf 26 -movflags +faststart -an manju.mp4
```

ಇಲ್ಲಿ `-crf` ಗುಣಮಟ್ಟದ ಅಳತೆ: ಸಂಖ್ಯೆ ಏರಿದಷ್ಟೂ ಕಡತ ಚಿಕ್ಕದು, ಚಿತ್ರ ಒರಟು. `+faststart` ಕಡತದ ಸೂಚಿಯನ್ನು ಕೊನೆಯಿಂದ ಮೊದಲಿಗೆ ತಂದಿಡುತ್ತದೆ, ಹಾಗಾಗಿ ಪೂರ್ತಿ ಇಳಿಯುವ ಮುನ್ನವೇ ವಿಡಿಯೊ ಓಡತೊಡಗುತ್ತದೆ. 5.4 ಎಂಬಿ ಇದ್ದದ್ದು ಸುಮಾರು 420 ಕೆಬಿಗೆ ಇಳಿಯಿತು.

ಆದರೂ ಕಣ್ಣಿಗೆ ಸಮಾಧಾನವಾಗಲಿಲ್ಲ. ಜಿಫ್ ಮಾಡುವಾಗ ಎರಚಿದ ಆ ಚುಕ್ಕಿಗಳನ್ನು ಎಚ್.264 ಕೂಡ ನಿಜವಾದ ದೃಶ್ಯವೆಂದೇ ನಂಬಿ, ಅವನ್ನು ಉಳಿಸಲು ಬೈಟ್‌ಗಳನ್ನು ಸುರಿದಿತ್ತು. ಮೂಲ ವಿಡಿಯೊ ಇದೆಯೇ ಎಂದು ಕೇಳಿದಾಗ ಮಾಲೀಕರ ಮಗಳ ಫೋನಿನಲ್ಲಿ ಅದು ಸಿಕ್ಕಿತು. ಅದರಿಂದಲೇ ಆರು ಸೆಕೆಂಡು ಕತ್ತರಿಸಿ, `scale=480:-2` ಎಂದು ಕೊಟ್ಟು ಕುಗ್ಗಿಸಿದೆ. ಕೊನೆಯ `-2` ಎತ್ತರವನ್ನು ಸಮಸಂಖ್ಯೆಯಾಗಿಯೇ ಇಡುತ್ತದೆ. ಈ ಬಾರಿ ಗಾತ್ರ 240 ಕೆಬಿ. ಮಂಜು ಮಂಜಿನಂತೆಯೇ ಕಂಡಿತು. ಮೂಲ ಸಿಗುವಂತಿದ್ದರೆ ಜಿಫ್‌ನಿಂದ ಬದಲಿಸುವ ಗೋಜಿಗೆ ಹೋಗಬಾರದೆಂಬುದು ನನ್ನ ಅಭಿಪ್ರಾಯ.

ಪುಟದಲ್ಲಿ ಚಿತ್ರದ ಸ್ಥಾನಕ್ಕೆ ಇದು ಬಂತು:

```html
<video autoplay loop muted playsinline
  width="480" height="270" poster="manju.jpg">
  <source src="manju.mp4" type="video/mp4">
</video>
```

ಕಡತದಲ್ಲಿ ಧ್ವನಿಯೇ ಇಲ್ಲದಿದ್ದರೂ `muted` ಬರೆಯುವುದು ಕ್ಷೇಮ. `playsinline` ಬಿಟ್ಟುಹೋದರೆ ಐಫೋನಿನಲ್ಲಿ ಹಳೆಯ ಪೂರ್ಣ ಪರದೆಯ ಕಾಟ ಮರಳುತ್ತದೆ. ಅಗಲ ಎತ್ತರ ಬರೆದಿದ್ದರೆ ವಿಡಿಯೊ ಬರುವಾಗ ಕೆಳಗಿನ ಬರಹ ಜಿಗಿಯುವುದಿಲ್ಲ. `poster` ಎಂಬ ನಿಂತ ಚಿತ್ರದ ಬೆಲೆ ಅರಿವಾದದ್ದು ಒಂದು ವಾರದ ನಂತರ, ‘ಇವತ್ತು ಮಂಜು ಓಡ್ತಾನೇ ಇಲ್ಲ’ ಎಂದು ಮಾಲೀಕರು ಫೋನು ಮಾಡಿದಾಗ. ಐಫೋನು ಬ್ಯಾಟರಿ ಉಳಿಸುವ ಸ್ಥಿತಿಯಲ್ಲಿದ್ದಾಗ ತಾನಾಗಿ ಓಡುವ ವಿಡಿಯೊಗಳನ್ನು ನಿಲ್ಲಿಸಿಬಿಡುತ್ತದೆ, ಆಗ ಕಾಣುವುದು ಆ ನಿಂತ ಚಿತ್ರವಷ್ಟೇ.

ಎಲ್ಲ ಜಿಫ್‌ಗಳನ್ನೂ ನಾನು ತೆಗೆಯಲಿಲ್ಲ. ಕೋಣೆ ಕಾದಿರಿಸುವ ಪುಟದಲ್ಲಿ ತಿರುಗುವ ಪುಟ್ಟ ಚಕ್ರವೊಂದಿದೆ; ಕೆಲವೇ ಕೆಬಿಯ ಅದರ ಹಿನ್ನೆಲೆ ಪಾರದರ್ಶಕ, ಬ್ರೌಸರ್‌ಗಳು ಓಡಿಸುವ ಎಚ್.264ರಲ್ಲಿ ಪಾರದರ್ಶಕತೆಗೆ ಜಾಗವಿಲ್ಲ. ಅತಿಥಿಗಳಿಗೆ ಹೋಗುವ ಇ-ಮೇಲ್‌ನಲ್ಲಿಯೂ ಮಂಜು ಜಿಫ್ ಆಗಿಯೇ ಉಳಿದಿದೆ, ಏಕೆಂದರೆ ಹೆಚ್ಚಿನ ಮೇಲ್ ತಂತ್ರಾಂಶಗಳು ಪತ್ರದೊಳಗೆ ವಿಡಿಯೊ ಓಡಿಸುವುದಿಲ್ಲ. ಅಲ್ಲಿಗಾಗಿ ಅದನ್ನು ಎರಡು ಸೆಕೆಂಡಿಗೆ ಮೊಟಕುಗೊಳಿಸಿ, ಅಗಲವನ್ನು ಅರ್ಧಕ್ಕೆ ಇಳಿಸಿ, ಚುಕ್ಕಿ ಎರಚುವುದನ್ನು ನಿಲ್ಲಿಸಿದೆ. ಮಂಜಿನಲ್ಲಿ ಪಟ್ಟೆಗಳು ಎದ್ದಿವೆ. ಮಾಲೀಕರು ಇದುವರೆಗೆ ಅದನ್ನು ಗಮನಿಸಿಲ್ಲ.