ತಪ್ಪಿಲ್ಲದ ಭಾಷೆಯ ಮೋಸದ ಇಮೇಲನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಮೊದಲೆಲ್ಲ ಕಾಗುಣಿತ, ವ್ಯಾಕರಣದ ತಪ್ಪುಗಳನ್ನು ನೋಡಿಯೇ ಮೋಸದ ಇಮೇಲ್ ಎಂದು ತಿಳಿಯುತ್ತಿತ್ತು. ಈಗ ಒಂದು ತಪ್ಪೂ ಸಿಗುವುದಿಲ್ಲ. ಇನ್ನು ಯಾವುದನ್ನು ನೋಡಬೇಕು?

ಉತ್ತರ: ಆ ತಪ್ಪುಗಳಿಗೆ ಕಾರಣವಿದ್ದದ್ದು ಬರೆಯುವವನಲ್ಲಿ. ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ಅವನು ಸಾವಿರಾರು ಜನರಿಗೆ ಒಂದೇ ಒಕ್ಕಣೆಯನ್ನು ಕಳಿಸುತ್ತಿದ್ದ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ಕೊರತೆ ನೀಗಿತು. ಕಚೇರಿಯ ಪತ್ರದ ಧಾಟಿಯಲ್ಲಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಬೇಕಾದ ಭಾಷೆಯಲ್ಲಿ ಯಂತ್ರವೇ ಬರೆದುಕೊಡುತ್ತದೆ. ಆದರೆ ಯಂತ್ರ ತಿದ್ದಿಕೊಡುವುದು ಮಾತನ್ನು ಮಾತ್ರ. ಕಳಿಸಿದವನ ವಿಳಾಸವನ್ನಾಗಲಿ, ಅವನ ಬೇಡಿಕೆಯನ್ನಾಗಲಿ ಅದು ನಿಜವಾಗಿಸಲಾರದು.

ಆದಾಯ ತೆರಿಗೆ ಮರುಪಾವತಿಯ ಹೆಸರಿನಲ್ಲಿ ಬರುವ ಸಂದೇಶವನ್ನೇ ತೆಗೆದುಕೊಳ್ಳೋಣ. ‘ತಮ್ಮ ಮರುಪಾವತಿ ಮಂಜೂರಾಗಿದ್ದು, 24 ಗಂಟೆಗಳೊಳಗೆ ಖಾತೆಯ ವಿವರ ದೃಢೀಕರಿಸತಕ್ಕದ್ದು’ ಎಂಬ ನಿರ್ದೋಷ ವಾಕ್ಯದ ಕೆಳಗೆ ಇಂಥದೊಂದು ಕೊಂಡಿ ಇದೆ ಎಂದುಕೊಳ್ಳಿ:

```
https://incometax.gov.in.refund.example/login
```

ಎಡದಿಂದ ಓದಿದರೆ ಇಲಾಖೆಯ ಜಾಲತಾಣವೆಂದೇ ತೋರುತ್ತದೆ. ಓದಬೇಕಾದದ್ದು ಬಲದಿಂದ: `https://` ಆದ ಮೇಲೆ ಬರುವ ಮೊದಲ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಸಿಗುವುದು `refund.example`, ತಾಣದ ಒಡೆಯ ಆ ಹೆಸರನ್ನು ಕೊಂಡವನೇ. ಅದಕ್ಕೂ ಹಿಂದಿರುವ `incometax.gov.in` ಅವನು ತನ್ನ ಮನೆಯ ಬಾಗಿಲಿಗೆ ತಾನೇ ತೂಗುಹಾಕಿಕೊಂಡ ಫಲಕ. ಮೊಬೈಲಿನಲ್ಲಿ ಕೊಂಡಿಯನ್ನು ತೆರೆಯದೆ ಒತ್ತಿಹಿಡಿದರೆ ಸಾಮಾನ್ಯವಾಗಿ ಪೂರ್ಣ ವಿಳಾಸ ಕಾಣುತ್ತದೆ.

ಜಿಮೇಲ್‌ನಲ್ಲಿ, ಕಂಪ್ಯೂಟರಿನಲ್ಲಿ ತೆರೆದಾಗ, `Show original` ಒತ್ತಿದರೆ ಕಳಿಸಿದವನ ವಿಳಾಸ ನಕಲಿಯೇ ಎಂದು ನೋಡುವ `SPF`, `DKIM`, `DMARC` ಎಂಬ ಮೂರು ಪರೀಕ್ಷೆಗಳ ಫಲಿತಾಂಶ ಸಿಗುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. `PASS` ಎಂದರೆ ಸಂದೇಶ ಆ ವಿಳಾಸದ ಒಡೆಯನ ಒಪ್ಪಿಗೆಯಿಂದಲೇ ಹೊರಟಿದೆ ಎಂದಷ್ಟೇ ಅರ್ಥ, ಒಡೆಯ ಪ್ರಾಮಾಣಿಕ ಎಂದಲ್ಲ. ಮೋಸಗಾರ ತಾನೇ ದುಡ್ಡು ಕೊಟ್ಟು ಕೊಂಡ ಹೆಸರಿಗೂ ಮೂರೂ `PASS` ಬರುತ್ತವೆ.

ಹಾಗಾಗಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಸುಳಿವು ಬೇಡಿಕೆಯೇ. ಮರುಪಾವತಿ ಜಮೆಯಾಗುವುದು ಇಲಾಖೆಯ ಪೋರ್ಟಲ್‌ನಲ್ಲಿ ನೀವು ಮೊದಲೇ ದೃಢೀಕರಿಸಿದ ಬ್ಯಾಂಕ್ ಖಾತೆಗೆ. ಅದಕ್ಕೆ ಕಾರ್ಡಿನ ಸಂಖ್ಯೆಯಾಗಲಿ ಪಿನ್ ಆಗಲಿ ಬೇಕಿಲ್ಲ. ಸಂದೇಹವಿದ್ದರೆ ಕೊಂಡಿಯನ್ನು ಬಿಟ್ಟು, ಪೋರ್ಟಲ್‌ನ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಗೆ ಹೋಗಿ ನೋಡಿ.

ಪರಿಚಿತರ ಇಮೇಲ್ ಖಾತೆಯೇ ಕಳ್ಳರ ಕೈಗೆ ಸಿಕ್ಕಿದ್ದರೆ ವಿಳಾಸವೂ ನಿಜ, ಪರೀಕ್ಷೆಗಳೂ ಸರಿ, ಹಳೆಯ ಪತ್ರಗಳನ್ನು ನೋಡಿ ಹೊಂದಿಸಿದ ಧಾಟಿಯೂ ಅವರದೇ. ಆಗ ಉಳಿಯುವುದು ‘ಇನ್ನು ಮುಂದೆ ಹಣವನ್ನು ಈ ಹೊಸ ಖಾತೆಗೆ ಹಾಕಿ’ ಎಂಬಂಥ ಬದಲಾವಣೆಯೊಂದೇ. ಅಂಥ ಸಂದೇಶಕ್ಕೆ ಇಮೇಲಿನಲ್ಲಿ ಉತ್ತರಿಸಬೇಡಿ, ಅದರಲ್ಲಿ ಕೊಟ್ಟಿರುವ ಸಂಖ್ಯೆಗೂ ಕರೆ ಮಾಡಬೇಡಿ. ನಿಮ್ಮ ಬಳಿ ಮೊದಲಿನಿಂದ ಇರುವ ಸಂಖ್ಯೆಗೆ ಕರೆ ಮಾಡಿ ಅವರನ್ನೇ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲಿ.